ಕೆಂಪು ಇಟ್ಟಿಗೆ, ಹಾರುಬೂದಿ ಇಟ್ಟಿಗೆ, ಹಾಲೋ ಬ್ಲಾಕ್: ಮೂರರಲ್ಲೂ ಗೋಡೆ ಕಟ್ಟಿ ನೋಡಿದ್ದು

ರಾಯಚೂರಿನ ನಮ್ಮ ಮನೆ ಮೂರು ಸಲಕ್ಕೆ ಎದ್ದಿದೆ. ಮೊದಲ ಎರಡು ಕೋಣೆಗಳು ಕೆಂಪು ಇಟ್ಟಿಗೆಯ 9 ಇಂಚಿನ ಗೋಡೆಯವು. ಪಿಲ್ಲರ್ ಇಲ್ಲ, ಮೋಲ್ಡಿನ ಭಾರವೆಲ್ಲ ಗೋಡೆಯ ಮೇಲೇ. ಆಮೇಲಿನ ಕೋಣೆಯನ್ನು ಹಾರುಬೂದಿ ಇಟ್ಟಿಗೆಯಲ್ಲಿ ಹಾಗೆಯೇ ಕಟ್ಟಿಸಿದೆವು. ಕೊನೆಗೆ ರಸ್ತೆ ಕಡೆ ಅಂಗಡಿಗೆ ಪಿಲ್ಲರ್, ಬೀಮ್ ಹಾಕಿಸಿ ನಡುವೆ 6 ಇಂಚಿನ ಹಾಲೋ ಬ್ಲಾಕ್ ತುಂಬಿಸಿದೆವು.

ತೊಂದರೆ ಕಾಣಿಸಿದ್ದು ಅಂಗಡಿಯಲ್ಲಿ. ಒಂದೇ ಬೇಸಿಗೆಗೆ ಪಿಲ್ಲರ್ ಪಕ್ಕದಲ್ಲಿ ನೇರ ಗೆರೆಯಂತೆ ಬಿರುಕು ಬಿತ್ತು. ನಡುಗೋಡೆಯಲ್ಲಿ ಸಂದಿಗಳ ಗುಂಟ ಮೆಟ್ಟಿಲಿನ ಹಾಗೆ ಇನ್ನೊಂದು ಇಳಿಯಿತು. ಕಟ್ಟುವಾಗ ಆ ಬ್ಲಾಕ್ ತಯಾರಾಗಿ ವಾರವಷ್ಟೇ ಆಗಿತ್ತು. ಮೇಲಾಗಿ ಮೇಸ್ತ್ರಿ ಅವನ್ನು ಇಟ್ಟಿಗೆಯಂತೆ ನೀರಲ್ಲಿ ಮುಳುಗಿಸಿ ಕಟ್ಟಿದ್ದರು. ಸಿಮೆಂಟ್ ಬ್ಲಾಕ್ ಒಣಗುತ್ತಾ ಕುಗ್ಗುತ್ತದೆ. ಗೋಡೆಯಲ್ಲಿ ಸೇರಿದ ಮೇಲೆ ಕುಗ್ಗಿದರೆ ಬಿರುಕು ಬಿಡದೆ ಇರುತ್ತದೆಯೇ?

ಆಮೇಲೆ ಅಂಗಡಿಯ ಹಿಂಬದಿಯ ಗೋಡೆಗೆ ತಯಾರಾಗಿ 28 ದಿನ ದಾಟಿದ, ಒಣಗಿದ ಬ್ಲಾಕ್ ತರಿಸಿದೆ. ಕಟ್ಟುವಾಗ ಮೇಲ್ಮೈಗೆ ಸ್ವಲ್ಪ ನೀರು ಚಿಮುಕಿಸಿದರು, ಅಷ್ಟೇ. ಬೀಮಿನ ಕೆಳಗೆ ಬೆರಳಗಲ ಸಂದಿ ಬಿಟ್ಟು, ಕೆಲವು ವಾರದ ನಂತರ ಗಾರೆ ತುಂಬಿದರು. ಪಿಲ್ಲರ್ ಮತ್ತು ಗೋಡೆ ಕೂಡುವ ಕಡೆ ಜಾಲರಿ ಬಡಿದು ಗಿಲಾವು ಮಾಡಿದರು. ಆ ಗೋಡೆಯಲ್ಲಿ ಇವತ್ತಿಗೂ ಬಿರುಕಿಲ್ಲ.

ಕೆಂಪು ಇಟ್ಟಿಗೆಯ ಲೆಕ್ಕ ಇದಕ್ಕೆ ಉಲ್ಟಾ. ಅದನ್ನು ನೆನೆಸಲೇಬೇಕು, ಗುಳ್ಳೆ ಏಳುವುದು ನಿಲ್ಲುವ ತನಕ. ಒಣ ಇಟ್ಟಿಗೆ ಗಾರೆಯ ನೀರನ್ನೇ ಹೀರಿಬಿಡುತ್ತದೆ, ಸಂದಿ ಪುಡಿಪುಡಿಯಾಗುತ್ತದೆ. ನಮ್ಮ ಕಡೆಯ ಎರೆಮಣ್ಣಿನಲ್ಲಿ ಸುಣ್ಣದ ಹರಳು ಜಾಸ್ತಿ. ಅದು ಇಟ್ಟಿಗೆಯೊಳಗೆ ಉಳಿದರೆ ಗಿಲಾವು ಮಾಡಿದ ಮೇಲೆ ಹಸಿಗೆ ಊದಿಕೊಂಡು ಅಲ್ಲಲ್ಲಿ ಪುಟ್ಟ ಗುಂಡಿ ಎಬ್ಬಿಸುತ್ತದೆ. ಹಾಗಾಗಿ ನಾನು ಲೋಡಿನಿಂದ ನಾಲ್ಕೈದು ಇಟ್ಟಿಗೆ ಒಡೆದು ಬಿಳಿ ಚುಕ್ಕೆ ಇದೆಯೇ ನೋಡುತ್ತೇನೆ. ಎರಡನ್ನು ಒಂದಕ್ಕೊಂದು ಬಡಿದಾಗ ಕಣಕಣ ಅನ್ನಬೇಕು.

ಹಾರುಬೂದಿ ಇಟ್ಟಿಗೆ ನಮಗೆ ಹತ್ತಿರವೇ ಸಿಗುತ್ತದೆ, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಬೂದಿ ಇದೆಯಲ್ಲ. ಅಂಚು ನೇರ, ಒಂದೇ ಅಳತೆ, ಗಿಲಾವಿಗೆ ಗಾರೆ ಕಡಿಮೆ ಸಾಕು. ಆದರೆ ಇದನ್ನು ಸುಡುವುದಿಲ್ಲ, ಶಕ್ತಿಯೆಲ್ಲ ಕ್ಯೂರಿಂಗಿನಿಂದಲೇ ಬರಬೇಕು. ಒಂದು ಲೋಡಿನಲ್ಲಿ ಮೂಲೆ ಉಗುರಿಗೇ ಉದುರಿತು, ವಾಪಸ್ ಕಳಿಸಿದೆ. ಭಾರ ಹೊರುವ ಗೋಡೆಯಾದ್ದರಿಂದ ಲ್ಯಾಬಿನ ವರದಿ ಕೇಳಿ, ಚದರ ಮಿಲಿಮೀಟರಿಗೆ 7.5 ನ್ಯೂಟನ್ ಒತ್ತಡ ತಡೆಯುವ ದರ್ಜೆಯದನ್ನೇ ತೆಗೆದುಕೊಂಡೆ.

ಮೂರನ್ನೂ ಒಣಗಿಸಿ ತೂಗಿ, ಒಂದು ದಿನ ನೀರಲ್ಲಿಟ್ಟು ಮತ್ತೆ ತೂಗಿದೆ. ಕೆಂಪು ಇಟ್ಟಿಗೆ 2.9 ಕೆಜಿಯಿಂದ 3.4ಕ್ಕೆ ಏರಿತು, ಅಂದರೆ ಶೇಕಡಾ 17. ಹಾರುಬೂದಿಯದು ಶೇಕಡಾ 14, ಬ್ಲಾಕ್ 8. ಐಎಸ್ಐ ಮಿತಿ ಇಟ್ಟಿಗೆಗೆ 20, ಬ್ಲಾಕಿಗೆ 10.

ಪಿಲ್ಲರ್ ಇಲ್ಲದ ಮನೆಗೆ ನನ್ನ ಆಯ್ಕೆ ವರದಿ ಇರುವ ಹಾರುಬೂದಿ ಇಟ್ಟಿಗೆ, ಅದು ಸಿಗದಿದ್ದರೆ ಚೆನ್ನಾಗಿ ಬೆಂದ ಕೆಂಪು ಇಟ್ಟಿಗೆ. ಪಿಲ್ಲರ್ ನಡುವೆ ತುಂಬಲು ಹಳೆಯದಾದ ಹಾಲೋ ಬ್ಲಾಕ್. ಅದರ ಮೇಲೂ ಬೀಮ್ ಕೂರಿಸಲೇಬೇಕಾದರೆ, ಬೀಮಿನ ತುದಿಯ ಕೆಳಗಿನ ಸಾಲುಗಳ ತೂತಿಗೆ ಕಾಂಕ್ರೀಟ್ ತುಂಬಿಸಿ.