ರೋಲ್ ನಂಬರ್ ಏಳು ಯಾರು? ಝೂಮ್, ಗೂಗಲ್ ಮೀಟ್, ಟೀಮ್ಸ್‌ಗಳಲ್ಲಿ ಮಕ್ಕಳ ಹೆಸರು

ಹತ್ತನೇ ತರಗತಿಯ ಮಕ್ಕಳಿಗೆ ಸಂಜೆ ಹೊತ್ತು ಆನ್‌ಲೈನಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಬಹುಪಾಲು ಮಕ್ಕಳು ಕೂರುವುದು ಅಪ್ಪನ ಅಥವಾ ಅಣ್ಣನ ಮೊಬೈಲಿನ ಮುಂದೆ. ಹಾಗಾಗಿ ಪರದೆಯ ಮೇಲೆ ಕಾಣುವುದು ಮಗುವಿನ ಹೆಸರಲ್ಲ. ಒಂದು ಚೌಕದಲ್ಲಿ ಮೊಬೈಲ್ ಕಂಪನಿಯ ಮಾದರಿ, ಇನ್ನೊಂದರಲ್ಲಿ ಕಿರಾಣಿ ಅಂಗಡಿಯ ಹೆಸರು, ಮತ್ತೊಂದರಲ್ಲಿ ಇಮೇಲ್ ತೆರೆಯುವಾಗ ಯಾರೋ ಹಾಕಿಕೊಟ್ಟ ಅಕ್ಷರಗಳೂ ಅಂಕಿಗಳೂ. ತ್ರಿಕೋನಮಿತಿಯ ಲೆಕ್ಕ ಯಾರಿಗೆ ಅರ್ಥವಾಗಲಿಲ್ಲ ಎಂದು ಕೇಳಿದಾಗ ಅಂಗಡಿ ಕೈ ಎತ್ತಿದರೆ, ನಾನು ಯಾರನ್ನು ಕರೆದು ಮಾತಾಡಿಸಲಿ? ತಪ್ಪು ಮಾಡುವ ಮಗುವನ್ನು ಹೆಸರು ಹಿಡಿದು ಕರೆಯಲು ಆಗದಿದ್ದರೆ ಆ ಮಗು ಹಿಂದಿನ ಬೆಂಚಿಗೂ ಹಿಂದೆ ಸರಿದುಬಿಡುತ್ತದೆ.

ಈ ಪಾಠಕ್ಕಾಗಿ ಝೂಮ್, ಗೂಗಲ್ ಮೀಟ್, ಮೈಕ್ರೋಸಾಫ್ಟ್ ಟೀಮ್ಸ್ ಮೂರನ್ನೂ ಬಳಸಿದ್ದೇನೆ. ಚಿತ್ರ, ಧ್ವನಿಯ ಗುಣಮಟ್ಟವನ್ನು ಇಲ್ಲಿ ಅಳೆಯುವುದಿಲ್ಲ. ನಾನು ಹೋಲಿಸಿ ನೋಡಿದ್ದು ಒಂದೇ ವಿಷಯ: ಲಾಗಿನ್ ಹೆಸರು ಏನೇ ಇರಲಿ, ಶಿಕ್ಷಕರಿಗೆ ಗುರುತು ಸಿಗುವ ಬೇರೊಂದು ಹೆಸರನ್ನು ತೋರಿಸುವುದು ಎಲ್ಲಿ ಸುಲಭ, ಆ ಹೆಸರು ಎಷ್ಟು ದಿನ ನಿಲ್ಲುತ್ತದೆ, ಅದನ್ನು ಬದಲಿಸುವ ಅಧಿಕಾರ ಯಾರ ಕೈಯಲ್ಲಿದೆ.

ಮೊದಲು ಯಾವ ಹೆಸರು ಬೇಕು ಎಂಬುದನ್ನು ಮಕ್ಕಳಿಗೆ ಹೇಳಿಬಿಡಬೇಕು. ‘ನಿಮ್ಮ ಹೆಸರು ಹಾಕಿಕೊಳ್ಳಿ’ ಎಂದಷ್ಟೇ ಹೇಳಿದರೆ ಮೂವರು ‘ಕಾವ್ಯ’ ಬರುತ್ತಾರೆ. ಮೊದಲು ಎರಡಂಕಿಯ ರೋಲ್ ನಂಬರ್, ಆಮೇಲೆ ಹೆಸರು, ಕೊನೆಗೆ ಇನಿಶಿಯಲ್, ಅಂದರೆ `07 Kavya H` ಎಂಬಂತೆ ಬರೆಯಲು ನಾನು ಹೇಳುತ್ತೇನೆ. ಮೊಬೈಲಿನ ಸಣ್ಣ ಚೌಕದಲ್ಲಿ ಉದ್ದದ ಹೆಸರಿನ ಬಾಲ ಕತ್ತರಿಸಿಹೋಗುತ್ತದೆ, ತಲೆ ಮಾತ್ರ ಉಳಿಯುತ್ತದೆ. ಆದ್ದರಿಂದ ಮುಖ್ಯವಾದದ್ದು ಮುಂದೆಯೇ ಇರಬೇಕು. ಒಂಬತ್ತರೊಳಗಿನ ಅಂಕಿಗೆ ಸೊನ್ನೆ ಸೇರಿಸಿದರೆ ಪಟ್ಟಿಯ ಕ್ರಮ ತಪ್ಪುವುದಿಲ್ಲ. ಹೆಸರನ್ನು ಕನ್ನಡದಲ್ಲಿ ಬರೆದರೂ ಸರಿಯೇ, ನನಗೆ ಅದು ಇನ್ನೂ ಇಷ್ಟ. ಆದರೆ ಅಂಕಿಯನ್ನು ಎಲ್ಲರೂ ಒಂದೇ ಬಗೆಯಲ್ಲಿ ಬರೆಯಬೇಕು. ಒಬ್ಬರು 07, ಮತ್ತೊಬ್ಬರು ೦೮ ಎಂದು ಬರೆದರೆ ಪಟ್ಟಿಯಲ್ಲಿ ಅವರು ಅಕ್ಕಪಕ್ಕ ಬರುವುದಿಲ್ಲ. ಶಾಲೆಯ ಹೆಸರು, ಊರು, ಫೋನ್ ನಂಬರ್ ಯಾವುದೂ ಬೇಡ. ತರಗತಿಯ ಲಿಂಕ್ ಯಾರ ಯಾರ ಕೈಗೆ ಹೋಗುತ್ತದೆಂದು ಹೇಳಲಾಗದು.

ಝೂಮ್‌ನಲ್ಲಿ ಈ ಕೆಲಸ ಎಲ್ಲಕ್ಕಿಂತ ಸಲೀಸು. ತರಗತಿಯ ಒಳಗೆ ಬಂದ ಮಗು `Participants` ಒತ್ತಿ, ಪಟ್ಟಿಯಲ್ಲಿರುವ ತನ್ನ ಹೆಸರನ್ನು ಮುಟ್ಟಿ, `Rename` ಆರಿಸಿ, ಹೊಸ ಹೆಸರು ಬರೆದರೆ ಆಯಿತು. ಖಾತೆ ಅಪ್ಪನದೇ ಆಗಿರಲಿ, ಅಲ್ಲಿನ ಹೆಸರು ಹಾಗೆಯೇ ಉಳಿಯುತ್ತದೆ, ಪಾಠದ ಹೊತ್ತಿಗೆ ಮಾತ್ರ ಮಗುವಿನ ಹೆಸರು ಕಾಣುತ್ತದೆ. ಮಗುವಿಗೆ ಗೊತ್ತಾಗದಿದ್ದರೆ ನಾನೇ ಬದಲಿಸಬಹುದು. ಝೂಮ್‌ನಲ್ಲಿ ನಾನು ಅತಿ ಹೆಚ್ಚು ಬಳಸಿದ್ದು ಈ ಸೌಲಭ್ಯವನ್ನೇ. ‘ಅಂಗಡಿಯ ಹೆಸರಿನಲ್ಲಿ ಬಂದಿರುವವರು ಮಾತಾಡಿ’ ಎಂದು ಕೇಳಿ, ದನಿ ಗುರುತಿಸಿ, ಅಲ್ಲೇ ತಿದ್ದಿಬಿಡುತ್ತೇನೆ. ಮೈಕ್ ಮುಚ್ಚಿಕೊಂಡವರ ಹೆಸರುಗಳನ್ನು ಝೂಮ್ ಅಕಾರಾದಿಯಾಗಿ ಜೋಡಿಸುವುದರಿಂದ, ಎಲ್ಲರೂ ಅಂಕಿಯಿಂದ ಆರಂಭಿಸಿದ್ದರೆ ಪಟ್ಟಿಯೇ ಹಾಜರಿ ಪುಸ್ತಕದ ಹಾಗೆ ಕಾಣುತ್ತದೆ. 11ರ ನಂತರ 13 ಬಂದರೆ ಹನ್ನೆರಡನೆಯವರು ಬಂದಿಲ್ಲ ಎಂದು ಕಣ್ಣಿಗೇ ಹೊಳೆಯುತ್ತದೆ.

ಆದರೆ ಹೀಗೆ ಒಳಗೆ ಬಂದು ಬದಲಿಸಿದ ಹೆಸರು ಆ ಮೀಟಿಂಗಿಗೆ ಮಾತ್ರ. ಉಚಿತ ಖಾತೆಯಲ್ಲಿ ಮೀಟಿಂಗ್ 40 ನಿಮಿಷಕ್ಕೆ ಮುಗಿಯುತ್ತದೆ. ಒಂದು ಗಂಟೆಯ ಪಾಠಕ್ಕೆ ಎರಡನೆಯ ಸಲ ಶುರು ಮಾಡಿದರೆ ಅಂಗಡಿಗಳೂ ಮೊಬೈಲ್ ಮಾದರಿಗಳೂ ವಾಪಸು ಹಾಜರಾಗುತ್ತವೆ. ಇದಕ್ಕೆ ಎರಡು ದಾರಿಗಳಿವೆ. ಲಾಗಿನ್ ಆಗದೆ ಬರುವ ಮಗು, ಸೇರುವ ಮುನ್ನ ಕಾಣುವ ಹೆಸರಿನ ಜಾಗದಲ್ಲೇ ಸರಿಯಾಗಿ ಬರೆಯಬೇಕು. ಲಾಗಿನ್ ಆಗಿ ಬರುವವರು `zoom.us/profile` ಪುಟದಲ್ಲಿ `Display Name` ತಿದ್ದಬೇಕು. ಲಾಗಿನ್ ಆಗುವ ಇಮೇಲ್ ಅದರಿಂದ ಬದಲಾಗುವುದಿಲ್ಲ. ಆ ಖಾತೆಯನ್ನು ಅಪ್ಪ ತಮ್ಮ ಕಚೇರಿ ಕೆಲಸಕ್ಕೆ ಬಳಸುತ್ತಿದ್ದರೆ ಎರಡನೆಯ ದಾರಿ ಬೇಡ. ಮ್ಯಾನೇಜರ್ ಎದುರು ಅವರು `07 Kavya H` ಆಗಿ ಕೂರಬೇಕಾಗುತ್ತದೆ.

ಹೆಸರು ಬದಲಿಸುವುದು ಇಷ್ಟು ಸುಲಭವಾಗಿದ್ದರೆ ಇನ್ನೊಬ್ಬರ ಹೆಸರು ಹಾಕಿಕೊಳ್ಳುವುದೂ ಅಷ್ಟೇ ಸುಲಭ. ಅದಕ್ಕಾಗಿ ಮೊದಲ ಹತ್ತು ನಿಮಿಷ ಮಕ್ಕಳಿಗೆ ಅವಕಾಶ ಬಿಟ್ಟು, ಆಮೇಲೆ ಹೋಸ್ಟ್‌ಗೆ ಕಾಣುವ ಆಯ್ಕೆಗಳಲ್ಲಿ `Rename Themselves` ಎಂಬುದರ ಗುರುತು ತೆಗೆಯುತ್ತೇನೆ. ಅನಂತರ ಬದಲಿಸುವ ಅಧಿಕಾರ ನನ್ನಲ್ಲಿ ಮಾತ್ರ ಉಳಿಯುತ್ತದೆ. ಪಾವತಿ ಖಾತೆಯಲ್ಲಿ ಸಿಗುವ ವರದಿಯಲ್ಲಿ ಬದಲಿಸಿದ ಹೆಸರಿನ ಪಕ್ಕದಲ್ಲೇ ಮೂಲ ಹೆಸರೂ ದಾಖಲಾಗುತ್ತದೆ. ಅಂಗಡಿಯ ಖಾತೆಯಿಂದ ಬಂದದ್ದು ಯಾವ ಮಗು ಎಂಬುದನ್ನು ಅದನ್ನು ನೋಡಿ ಒಂದು ಸಲ ಬರೆದಿಟ್ಟುಕೊಂಡರೆ ಮುಂದೆ ಅನುಮಾನ ಉಳಿಯುವುದಿಲ್ಲ. ವೇಟಿಂಗ್ ರೂಮ್ ಇಟ್ಟಿದ್ದರೆ ಒಂದು ಮಾತು ಮೊದಲೇ ಹೇಳಿರಬೇಕು: ಅಲ್ಲಿ ಕಾಯುತ್ತಿರುವ ಮಗುವಿಗೆ ತನ್ನ ಹೆಸರು ತಿದ್ದಿಕೊಳ್ಳಲು ಆಗದು, ಹೊರಗೆ ಹೋಗಿ ಹೊಸ ಹೆಸರಿನಲ್ಲಿ ಮತ್ತೆ ಬರಬೇಕು.

ಗೂಗಲ್ ಮೀಟ್‌ನ ನಡೆ ಬೇರೆ. ಲಾಗಿನ್ ಆಗಿ ಬಂದವರಿಗೆ ತರಗತಿಯೊಳಗೆ ಹೆಸರು ಬದಲಿಸುವ ಗುಂಡಿಯೇ ಇಲ್ಲ, ಶಿಕ್ಷಕರ ಕೈಯಲ್ಲೂ ಇಲ್ಲ. ಕಾಣುವುದು ಗೂಗಲ್ ಖಾತೆಯ ಹೆಸರು, ಗೂಗಲ್ ಕ್ಲಾಸ್‌ರೂಮ್‌ನಲ್ಲಿ ಕಾಣುವುದೂ ಅದೇ. ಬದಲಿಸಬೇಕಾದರೆ ಆಂಡ್ರಾಯ್ಡ್ ಮೊಬೈಲಿನ ಸೆಟ್ಟಿಂಗ್ಸ್ ತೆರೆದು `Google`, ಅಲ್ಲಿಂದ `Manage your Google Account`, ಆಮೇಲೆ `Personal info`, ಅದರೊಳಗೆ `Name` ತನಕ ಹೋಗಬೇಕು. ಜಿಮೇಲ್ ವಿಳಾಸ ಹಾಗೆಯೇ ಇರುತ್ತದೆ, ತೋರುವ ಹೆಸರು ಬದಲಾಗುತ್ತದೆ. ತೊಡಕು ಏನೆಂದರೆ ಆ ಹೆಸರು ಪಾಠಕ್ಕಷ್ಟೇ ಸೀಮಿತವಲ್ಲ. ಅದೇ ಖಾತೆಯಿಂದ ಅಪ್ಪ ಬ್ಯಾಂಕಿಗೋ ಸರಕು ಕೊಡುವವರಿಗೋ ಇಮೇಲ್ ಕಳಿಸಿದರೆ, ಕಳಿಸಿದವರ ಜಾಗದಲ್ಲಿ ಮಗಳ ಹೆಸರು ಕಾಣುತ್ತದೆ. ಅದಕ್ಕೇ ಅಪ್ಪನ ಖಾತೆಯ ಹೆಸರನ್ನು ಪಾಠಕ್ಕಾಗಿ ಬದಲಿಸಬೇಡಿ ಎಂದು ಎಲ್ಲ ಪೋಷಕರಿಗೂ ಹೇಳುತ್ತೇನೆ.

ಬದಲಿಗೆ ಮಗುವಿಗೊಂದು ಬೇರೆ ಗೂಗಲ್ ಖಾತೆ ತೆರೆದು ಅದೇ ಮೊಬೈಲಿಗೆ ಸೇರಿಸುವುದು ಒಳ್ಳೆಯದು. ಒಂದು ಮೊಬೈಲಿನಲ್ಲಿ ಹಲವು ಖಾತೆಗಳು ಇರಬಹುದು. ಪಾಠಕ್ಕೆ ಮುಂಚೆ ಮೀಟ್ ತೆರೆದು, ಮೇಲೆ ಬಲಗಡೆ ಇರುವ ಚಿತ್ರ ಒತ್ತಿ, ಮಗುವಿನ ಖಾತೆ ಆರಿಸಿ, ಆಮೇಲೆ `abc-defg-hij` ಮಾದರಿಯ ಕೋಡ್ ಹಾಕಿ ಸೇರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಲಿಂಕನ್ನು ಆತುರದಲ್ಲಿ ಒತ್ತಿದರೆ ಅಪ್ಪನ ಖಾತೆಯೇ ತೆರೆದುಕೊಳ್ಳುವ ಸಂಭವ ಹೆಚ್ಚು. ಒಮ್ಮೆ ಇಷ್ಟು ಅಭ್ಯಾಸವಾಯಿತೆಂದರೆ ಮೀಟ್‌ನ ಬಿಗಿಯೇ ಅದರ ಗುಣವಾಗುತ್ತದೆ. ಹೆಸರು ವರ್ಷವಿಡೀ ಅಲುಗಾಡುವುದಿಲ್ಲ, ಕ್ಲಾಸ್‌ರೂಮ್‌ನಲ್ಲಿ ಒಪ್ಪಿಸಿದ ಮನೆಪಾಠದ ಮೇಲೂ ಅದೇ ಹೆಸರು, ಪಾಠದ ನಡುವೆ ಇನ್ನೊಬ್ಬರ ಹೆಸರಿಗೆ ಜಿಗಿಯುವ ಆಟವೂ ನಡೆಯದು. ಈ ಖಾತೆಯಲ್ಲಿ ನಾನು ರೋಲ್ ನಂಬರ್ ಕೇಳುವುದಿಲ್ಲ. ಮುಂದಿನ ತರಗತಿಗೆ ಹೋದಾಗ ಅದು ಬದಲಾಗುತ್ತದೆ, ಹೆಸರು ಮತ್ತು ಇನಿಶಿಯಲ್ ಬದಲಾಗುವುದಿಲ್ಲ.

ಟೀಮ್ಸ್ ಅನ್ನು ಶಾಲೆ ಅಥವಾ ಕಾಲೇಜು ಕೊಟ್ಟ ಖಾತೆಯಲ್ಲಿ ಬಳಸಿದರೆ ಶಿಕ್ಷಕರಿಗೆ ನೆಮ್ಮದಿ, ವಿದ್ಯಾರ್ಥಿಗೆ ಕೈ ಕಟ್ಟಿದ ಸ್ಥಿತಿ. ಅಲ್ಲಿ ಲಾಗಿನ್ ಹೆಸರು, ತೋರುವ ಹೆಸರು ಎರಡೂ ಬೇರೆ ಬೇರೆ ಕಾಲಂಗಳು. ಎರಡನ್ನೂ ತುಂಬುವವರು ಸಂಸ್ಥೆಯ ಅಡ್ಮಿನ್. ಲಾಗಿನ್ ಬರೀ ಅಂಕಿಗಳಾಗಿದ್ದರೂ ಹೆಸರು ಸರಿಯಾಗಿ ತೋರಿಸಬಹುದು. ಮೈಕ್ರೋಸಾಫ್ಟ್ ಗ್ರಾಫ್ ಪವರ್‌ಶೆಲ್‌ನಲ್ಲಿ ಅಡ್ಮಿನ್‌ಗೆ ಇದು ಒಂದು ಸಾಲಿನ ಕೆಲಸ:

```
Update-MgUser -UserId "10a07@example.edu" -DisplayName "07 Kavya H"
```

ಆದರೆ ಆರಂಭದಲ್ಲಿ ಪಟ್ಟಿ ತುಂಬಿದವರು ಇನಿಶಿಯಲ್ ಬಿಟ್ಟಿದ್ದರೆ, ಅಥವಾ ಹೆಸರಿನ ಜಾಗದಲ್ಲಿ ಅಪ್ಪನ ಹೆಸರು ಬಂದಿದ್ದರೆ, ತಿದ್ದಿಸಲು ಮಗು ಕಚೇರಿಗೆ ಅರ್ಜಿ ಹಿಡಿದು ಹೋಗಬೇಕು. ತಿದ್ದಿದ ಮೇಲೂ ಎಲ್ಲ ಕಡೆ ತಕ್ಷಣ ಕಾಣುವುದಿಲ್ಲ, ಒಮ್ಮೆ ಲಾಗೌಟ್ ಆಗಿ ಬರುವುದು ಒಳ್ಳೆಯದು. ಮೀಟಿಂಗಿನ ಮಟ್ಟಿಗೆ ಹೆಸರು ತಿದ್ದಿಕೊಳ್ಳುವ ಆಯ್ಕೆ ಟೀಮ್ಸ್‌ಗೂ ಬಂದಿದೆ, ಆದರೆ ಮೀಟಿಂಗ್ ಕರೆದವರು ಅದಕ್ಕೆ ಅನುಮತಿ ಕೊಟ್ಟಿರಬೇಕು. ಸಂಸ್ಥೆಯ ವ್ಯವಸ್ಥೆ ಇಲ್ಲದ ನನ್ನಂಥವರ ಸಣ್ಣ ಸಂಜೆಪಾಠಕ್ಕೆ ಟೀಮ್ಸ್ ಹೊಂದುವುದಿಲ್ಲ ಎಂಬುದು ನನ್ನ ತೀರ್ಮಾನ.

ಈ ವ್ಯತ್ಯಾಸ ಹೆಚ್ಚು ತಟ್ಟುವುದು ಒಂದೇ ಮೊಬೈಲನ್ನು ಇಬ್ಬರು ಹಂಚಿಕೊಳ್ಳುವ ಮನೆಗಳಲ್ಲಿ. ಅಕ್ಕ ಹತ್ತನೇ ತರಗತಿ, ತಂಗಿ ಏಳನೇ ತರಗತಿ, ಮೊಬೈಲು ಅಂಗಡಿಯದು ಎಂದಿಟ್ಟುಕೊಳ್ಳಿ. ಐದೂವರೆಗೆ ತಂಗಿಯ ಪಾಠ, ಏಳಕ್ಕೆ ಅಕ್ಕನದು. ಝೂಮ್ ಆದರೆ ಇಬ್ಬರೂ ಲಾಗಿನ್ ಆಗದೆ ಬರುವುದು ವಾಸಿ. ಸೇರುವ ಮುನ್ನ ಹೆಸರಿನ ಜಾಗವನ್ನು ನೋಡಬೇಕು. ಹೆಸರು ನೆನಪಿಟ್ಟುಕೊಳ್ಳುವ ಆಯ್ಕೆಗೆ ಗುರುತು ಹಾಕಿದ್ದರೆ ತಂಗಿ ಬರೆದದ್ದೇ ಅಲ್ಲಿ ಕೂತಿರುತ್ತದೆ, ಏಳು ಗಂಟೆಯ ಪಾಠಕ್ಕೆ ಏಳನೇ ತರಗತಿಯ ಹುಡುಗಿ ಹಾಜರಾದಂತೆ ತೋರುತ್ತದೆ. ಹಾಗಾಗಿ ಹಂಚಿಕೊಳ್ಳುವ ಮೊಬೈಲಿನಲ್ಲಿ ಆ ಗುರುತು ತೆಗೆಸುತ್ತೇನೆ. ಮೀಟ್ ಆದರೆ ಇಬ್ಬರಿಗೂ ಪ್ರತ್ಯೇಕ ಖಾತೆ ಬೇಕು. ತಂಗಿಗೆ ಹದಿಮೂರು ತುಂಬಿಲ್ಲದಿದ್ದರೆ ಖಾತೆ ಪೋಷಕರ ಉಸ್ತುವಾರಿಯಲ್ಲಿ, ಗೂಗಲ್‌ನ ಫ್ಯಾಮಿಲಿ ಲಿಂಕ್ ಆ್ಯಪ್ ಮೂಲಕ ತೆರೆಯಬೇಕಾಗುತ್ತದೆ. ಆಗ ಅವಳ ಹೆಸರನ್ನು ತಿದ್ದುವ ಸೌಲಭ್ಯ ಪೋಷಕರ ಫ್ಯಾಮಿಲಿ ಲಿಂಕ್‌ನಲ್ಲೇ ಸಿಗುತ್ತದೆ.

ಕೆಲವು ವಾರಗಳ ಪುನರಾವರ್ತನೆ ಪಾಠವಾದರೆ ನಾನು ಆರಿಸುವುದು ಝೂಮ್. ಪೋಷಕರನ್ನು ಕಾಡಿಸದೆ, ಮಗು ಎದುರಿಗಿರುವಾಗಲೇ ಹೆಸರು ತಿದ್ದಬಹುದು. ಜೂನ್‌ನಿಂದ ಪರೀಕ್ಷೆಯ ತನಕ ನಡೆಯುವ ತರಗತಿಗೆ, ಮನೆಪಾಠವನ್ನೂ ಆನ್‌ಲೈನಿನಲ್ಲೇ ತೆಗೆದುಕೊಳ್ಳುವುದಾದರೆ, ಮೀಟ್ ಮತ್ತು ಮಗುವಿಗೆ ಸ್ವಂತ ಖಾತೆ. ಅದಕ್ಕೆ ಮೊದಲ ದಿನದ ಪಾಠದ ಸಮಯವನ್ನು ಬಳಸಬೇಡಿ. ಓಟಿಪಿ ಬರುವುದು ಅಪ್ಪನ ನಂಬರಿಗೆ, ಆ ಹೊತ್ತಿಗೆ ಅವರು ಅಂಗಡಿಯ ಗಿರಾಕಿಗಳ ನಡುವೆ ಇರುತ್ತಾರೆ. ಹಿಂದಿನ ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಕೇಳಿಕೊಂಡು, ಖಾತೆ ತೆರೆಸಿ, ಪರೀಕ್ಷಿಸಿ ನೋಡಲೆಂದು ಒಂದು ಖಾಲಿ ಮೀಟಿಂಗಿಗೆ ಮಗುವನ್ನು ಕರೆದು, ಹೆಸರು ಸರಿಯಾಗಿ ಕಾಣುತ್ತಿದೆಯೇ ಎಂದು ನಿಮ್ಮ ಪರದೆಯಲ್ಲಿ ನೋಡಿಕೊಳ್ಳಿ.