ಹೇಳಿಕೆ ಲೆಕ್ಕಕ್ಕೆ ತಾಳೆ ನೋಡೋ ನಾಲ್ಕು ದಾರಿ: ತಪ್ಪು ಸಮೀಕರಣವನ್ನ ಯಾವುದು ಹಿಡಿಯುತ್ತೆ?

ಎಂಟರಿಂದ ಹತ್ತನೇ ಕ್ಲಾಸಿನವರೆಗಿನ ಮಕ್ಕಳು ಸಂಜೆ ನಮ್ಮನೆಗೆ ಲೆಕ್ಕ ಕಲಿಯೋಕೆ ಬರ್ತಾರೆ. ಸಮೀಕರಣ ಕೊಟ್ರೆ ಬಿಡಿಸೋದ್ರಲ್ಲಿ ಇವರಿಗೆ ಅಂಥಾ ಕಷ್ಟ ಇಲ್ಲ, ಪಕ್ಷಾಂತರ ಎಲ್ಲಾ ಚೆನ್ನಾಗೇ ಮಾಡ್ತಾರೆ, ಎಡವೋದು ಹೇಳಿಕೆಯನ್ನ ಸಮೀಕರಣ ಮಾಡೋ ಜಾಗದಲ್ಲಿ. ಅಲ್ಲಿ ತಪ್ಪಾದ್ರೆ ಮುಂದಿನ ಸ್ಟೆಪ್ಪೆಲ್ಲಾ ನೀಟಾಗಿ ಬಂದು ಕೊನೆಗೆ ತಾಳೆನೂ ಆಗಿಬಿಡುತ್ತೆ, ಮಗುಗೆ ಅನುಮಾನನೇ ಬರಲ್ಲ. ಹಾಗಾಗಿ ತಾಳೆ ನೋಡೋ ಬೇರೆ ಬೇರೆ ದಾರಿಗಳನ್ನ ಅದೇ ಲೆಕ್ಕಗಳ ಮೇಲೆ ಪಕ್ಕಪಕ್ಕ ಇಟ್ಟು ಮಾಡಿಸಿ ನೋಡಿದೀನಿ. ಯಾವುದು ಎಲ್ಲಿವರೆಗೆ ಕೆಲಸಕ್ಕೆ ಬರುತ್ತೆ ಅಂತ ಬರೀತೀನಿ.

ಮೊದಲು ಈ ಲೆಕ್ಕ ತಗೊಳ್ಳಿ. ತಾಯಿಯ ವಯಸ್ಸು ಈಗ ಮಗಳ ವಯಸ್ಸಿನ ಮೂರು ಪಟ್ಟು. 10 ವರ್ಷ ಆದ್ಮೇಲೆ ತಾಯಿಯ ವಯಸ್ಸು ಮಗಳ ವಯಸ್ಸಿನ ಎರಡು ಪಟ್ಟು ಆಗುತ್ತೆ. ಈಗ ಇಬ್ಬರ ವಯಸ್ಸೆಷ್ಟು?

ಮಗಳು x, ತಾಯಿ 3x. ಸರಿಯಾದ ಸಮೀಕರಣ 3x + 10 = 2(x + 10), ಅಂದ್ರೆ x = 10, ಮಗಳಿಗೆ 10, ತಾಯಿಗೆ 30. ಆದ್ರೆ ಮಕ್ಕಳು ತುಂಬಾ ಸಲ ಬರೆಯೋದು 3x = 2(x + 10) ಅಂತ. ಮಗಳಿಗೆ ಹತ್ತು ವರ್ಷ ಕೂಡಿಸ್ತಾರೆ, ತಾಯಿಯನ್ನ ಮಾತ್ರ ಇವತ್ತಿನ ವಯಸ್ಸಲ್ಲೇ ಬಿಟ್ಟುಬಿಡ್ತಾರೆ. ಉತ್ತರ x = 20, ಮಗಳಿಗೆ 20, ತಾಯಿಗೆ 60. ನೋಡೋಕೆ ಎಲ್ಲೂ ವಿಚಿತ್ರ ಅನ್ಸಲ್ಲ, 40ನೇ ವಯಸ್ಸಲ್ಲಿ ಹೆತ್ತವರು ಎಷ್ಟು ಜನ ಇಲ್ಲ.

ಇದಕ್ಕೆ ಸ್ಕೂಲಲ್ಲಿ ರೂಢಿ ಮಾಡಿಸಿರೋ ತಾಳೆ ಹಾಕಿ ನೋಡಿ, ಅಂದ್ರೆ x ಬೆಲೆಯನ್ನ ಸಮೀಕರಣದಲ್ಲೇ ಆದೇಶಿಸೋದು. ಎಡಭಾಗ 3 × 20 = 60, ಬಲಭಾಗ 2 × 30 = 60. ಎರಡೂ ಸಮ, ಮಗು ಟಿಕ್ ಹಾಕಿ ಮುಂದಿನ ಲೆಕ್ಕಕ್ಕೆ ಹೋಗುತ್ತೆ. ಈ ದಾರಿ ಹಿಡಿಯೋದು ಬಿಡಿಸುವಾಗ ಆದ ತಪ್ಪನ್ನ ಮಾತ್ರ, ಚಿಹ್ನೆ ಬದಲಾಯಿಸೋದು ಮರೆತಿದ್ರೆ, ಗುಣಾಕಾರ ಕೆಟ್ಟಿದ್ರೆ ಗೊತ್ತಾಗುತ್ತೆ. ಸಮೀಕರಣನೇ ತಪ್ಪಿದ್ರೆ ತಪ್ಪನ್ನ ತಪ್ಪಿನ ಜೊತೆನೇ ಹೋಲಿಸಿದಂಗೆ ಆಗುತ್ತೆ, ಹೇಳಿಕೆ ಆ ಪರೀಕ್ಷೆಯಲ್ಲಿ ಎಲ್ಲೂ ಬರೋದೇ ಇಲ್ಲ. ಹೇಳಿಕೆ ಲೆಕ್ಕಕ್ಕೆ ಇದೊಂದನ್ನೇ ತಾಳೆ ಅಂತ ಕಲಿಸೋದು ನನಗೆ ಸ್ವಲ್ಪವೂ ಒಪ್ಪಿಗೆ ಇಲ್ಲ.

ಎರಡನೇ ದಾರಿ, ಸಮೀಕರಣದ ಮೇಲೆ ಕೈ ಇಟ್ಟು ಮುಚ್ಚಿ ಬಂದ ಉತ್ತರವನ್ನ ಹೇಳಿಕೆಗೇ ಹಾಕೋದು, ಒಂದೊಂದೇ ವಾಕ್ಯ ಓದ್ತಾ. ಈಗ ಮಗಳು 20, ತಾಯಿ 60, ಮೂರು ಪಟ್ಟು ಸರಿ. 10 ವರ್ಷ ಆದ್ಮೇಲೆ ಮಗಳು 30, ತಾಯಿ 70. 30ರ ಎರಡು ಪಟ್ಟು 60, ಆದ್ರೆ ತಾಯಿಗೆ 70 ಆಗಿದೆ. ಸಿಕ್ಕಿಬಿತ್ತು. ಅರ್ಧ ನಿಮಿಷದ ಕೆಲಸ.

ಈ ಎರಡು ದಾರಿಯನ್ನ ಒಟ್ಟಿಗೆ ಇಟ್ಟುಕೊಂಡ್ರೆ ಇನ್ನೊಂದು ಲಾಭ ಇದೆ. ಹೇಳಿಕೆಗೆ ಹಾಕಿದಾಗ ತಾಳೆ ಆಗ್ಲಿಲ್ಲ, ಆದ್ರೆ ಸಮೀಕರಣಕ್ಕೆ ಹಾಕಿದಾಗ ತಾಳೆ ಆಯ್ತು ಅಂದ್ರೆ ಬಿಡಿಸಿದ್ದೆಲ್ಲಾ ಸರಿ, ಸಮೀಕರಣ ಬರೆದ ಸಾಲಿಗೇ ವಾಪಸ್ ಹೋಗಬೇಕು. ಎರಡರಲ್ಲೂ ಆಗ್ಲಿಲ್ಲ ಅಂದ್ರೆ ಮೊದಲು ಬಿಡಿಸಿದ ಸ್ಟೆಪ್ ನೋಡಬೇಕು, ಅದನ್ನ ಸರಿಮಾಡಿ ಮತ್ತೆ ಹೇಳಿಕೆಗೆ ಹಾಕಬೇಕು. ಇದು ಗೊತ್ತಿಲ್ಲದ ಮಕ್ಕಳು ಉತ್ತರ ತಪ್ಪು ಅಂತ ತಿಳಿದ ತಕ್ಷಣ ಇಡೀ ಲೆಕ್ಕ ಹೊಡೆದುಹಾಕಿ ಮೊದಲಿಂದ ಬರೀತಾರೆ, ಅದೇ ತಪ್ಪು ಸಮೀಕರಣನೇ ಮತ್ತೆ ಬರುತ್ತೆ.

ಆದ್ರೆ ಎರಡನೇ ದಾರಿಗೂ ಮೋಸ ಆಗೋ ಜಾಗ ಇದೆ, ಅದನ್ನ ಚೆನ್ನಾಗಿ ತೋರಿಸೋ ಲೆಕ್ಕ ಇದು. ಅಕ್ಕ ತಂಗಿಗಿಂತ 4 ವರ್ಷ ದೊಡ್ಡವಳು. 6 ವರ್ಷದ ನಂತರ ಇಬ್ಬರ ವಯಸ್ಸಿನ ಮೊತ್ತ 40. ತಂಗಿ x, ಅಕ್ಕ x + 4 ಅಂತ ಇಟ್ಟು ಮಗು x + (x + 4) + 6 = 40 ಅಂತ ಬರೆಯುತ್ತೆ. ಬರೋ ಉತ್ತರ 15, 19. ಹೇಳಿಕೆಗೆ ಹಾಕಿ ನೋಡು ಅಂದ್ರೆ ಏನ್ ಮಾಡುತ್ತೆ? "ಅಕ್ಕ 4 ವರ್ಷ ದೊಡ್ಡವಳು, ಸರಿ ಸರ್. 15 ಪ್ಲಸ್ 19, 34. ಆರು ವರ್ಷ ಆದ್ಮೇಲೆ 40. ಸರಿ ಸರ್." ಬಾಯಲ್ಲಿ ಹೇಳಿಕೆ ಓದ್ತಿದ್ರೂ ತಲೆಯಲ್ಲಿ ಸಮೀಕರಣನೇ ಕೂತಿದೆ, ಆರು ವರ್ಷವನ್ನ ಇಬ್ಬರಿಗೂ ಸೇರಿ ಒಂದೇ ಸಲ ಕೂಡಿಸಿದ ತಪ್ಪು ತಾಳೆಯಲ್ಲೂ ಹಾಗೇ ಬಂತು.

ಇಲ್ಲಿ ಗೆಲ್ಲೋದು ಮೂರನೇ ದಾರಿ, ಕೋಷ್ಟಕ. ಒಬ್ಬೊಬ್ಬರಿಗೆ ಒಂದೊಂದು ಅಡ್ಡಸಾಲು, ಒಂದೊಂದು ಕಾಲಕ್ಕೆ ಒಂದೊಂದು ಕಂಬಸಾಲು. ತಂಗಿ ಈಗ 15, ಆರು ವರ್ಷದ ನಂತರ 21. ಅಕ್ಕ ಈಗ 19, ಆರು ವರ್ಷದ ನಂತರ 25. ಮೊತ್ತ 46. ಖಾಲಿ ಮನೆ ಕಣ್ಣಿಗೆ ಕಾಣ್ತಿರುತ್ತೆ, ಅಕ್ಕನ ಮನೆಗೆ ಏನೋ ಬರೀಲೇಬೇಕು, ಬರೆಯುವಾಗ ಆರು ಕೂಡಿಸದೆ ಬೇರೆ ದಾರಿ ಇಲ್ಲ. x ಇಟ್ಟು ಮೊದಲೇ ಈ ಕೋಷ್ಟಕ ಹಾಕಿದ್ರೆ (x + 6) + (x + 10) = 40 ಅಂತ ಸಮೀಕರಣ ತಾನಾಗೇ ನಿಲ್ಲುತ್ತೆ, 12 ಮತ್ತು 16 ಬರುತ್ತೆ. ಮೇಲಿನ ತಾಯಿ ಮಗಳ ಲೆಕ್ಕದಲ್ಲೂ ಅಷ್ಟೇ, ತಾಯಿಯ "10 ವರ್ಷದ ನಂತರ" ಅನ್ನೋ ಮನೆ ಖಾಲಿ ಬಿದ್ದಿದ್ರೆ ಯಾವ ಮಗುವಿಗೂ ಕಾಣುತ್ತೆ. ವಯಸ್ಸಿನ ಲೆಕ್ಕ ಮಾತ್ರ ಆದ್ರೆ ನನ್ನ ಓಟು ಕಣ್ಮುಚ್ಚಿ ಕೋಷ್ಟಕಕ್ಕೇ.

ಕೋಷ್ಟಕ ಸೋಲೋದು ಯಾವುದು ಯಾವುದರ ಎಷ್ಟು ಪಟ್ಟು ಅನ್ನೋದನ್ನ ತಿರುಗಿಸಿ ಬರೆದಾಗ. ಇದೊಂಥರಾ ಹಠಮಾರಿ ತಪ್ಪು, ಚಿಕ್ಕ ಮಕ್ಕಳದ್ದು ಮಾತ್ರ ಅನ್ಕೋಬೇಡಿ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಕ್ಲೆಮೆಂಟ್ ಮತ್ತು ಜೊತೆಗಾರರು 1980ರ ಆಸುಪಾಸಲ್ಲಿ ಇಂಜಿನಿಯರಿಂಗ್ ಮೊದಲ ವರ್ಷದವರಿಗೆ ಒಂದು ಸಣ್ಣ ಪ್ರಶ್ನೆ ಕೊಟ್ರು, ಪ್ರೊಫೆಸರ್‌ಗಳ ಆರು ಪಟ್ಟು ವಿದ್ಯಾರ್ಥಿಗಳಿದ್ದಾರೆ, S ಮತ್ತು P ಬಳಸಿ ಸಮೀಕರಣ ಬರೀರಿ ಅಂತ. ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನ ತಪ್ಪು ಬರೆದ್ರು, ಅದರಲ್ಲಿ ಹೆಚ್ಚಿನವರು ಬರೆದದ್ದು 6S = P. ಸರಿಯಾದ್ದು S = 6P.

ನಮ್ಮ ಮಕ್ಕಳಿಗೆ ನಾನು ಕೊಡೋದು ನಾಣ್ಯದ ಲೆಕ್ಕ. ಡಬ್ಬಿಯಲ್ಲಿ ಐದು ರೂಪಾಯಿ ಮತ್ತು ಎರಡು ರೂಪಾಯಿ ನಾಣ್ಯಗಳಿವೆ. ಐದರ ನಾಣ್ಯಗಳು ಎರಡರ ನಾಣ್ಯಗಳ ಮೂರು ಪಟ್ಟು. ಒಟ್ಟು 187 ರೂಪಾಯಿ. ಸರಿಯಾಗಿ ಮಾಡಿದ್ರೆ ಎರಡರ ನಾಣ್ಯ x, ಐದರದ್ದು 3x, 15x + 2x = 187, x = 11, ಅಂದ್ರೆ ಎರಡರದ್ದು 11, ಐದರದ್ದು 33. ತಿರುಗಿಸಿದ ಮಗು ಐದರದ್ದು x, ಎರಡರದ್ದು 3x ಅಂತ ಇಡುತ್ತೆ, 5x + 6x = 187, x = 17, ಎರಡರದ್ದು 51. ಭಿನ್ನರಾಶಿನೂ ಬರಲಿಲ್ಲ, ಮೈನಸ್ಸೂ ಬರಲಿಲ್ಲ. ದುಡ್ಡು ಎಣಿಸಿ ನೋಡಿ, 85 + 102 = 187, ಇದೂ ಸರಿ! ಸಂಖ್ಯೆಗಳನ್ನ ಬೇಕಂತಲೇ ಹೀಗೆ ಆರಿಸಿದೀನಿ, ಯಾಕಂದ್ರೆ ಹೇಳಿಕೆಗೆ ಹಾಕು ಅಂದ್ರೆ ಹೆಚ್ಚಿನ ಮಕ್ಕಳು ಕೊನೇ ವಾಕ್ಯಕ್ಕೆ ಮಾತ್ರ ಹಾಕ್ತಾರೆ. ನಡುವಿನ ವಾಕ್ಯಕ್ಕೂ ಹಾಕಬೇಕು, ಮತ್ತೆ ಹಾಕುವಾಗ "ಮೂರು ಪಟ್ಟು ಇದೆಯಾ" ಅಂತ ಕೇಳಬಾರದು, 17 ಮತ್ತು 51 ನೋಡಿದ್ರೆ ಮೂರು ಪಟ್ಟು ಇದ್ದೇ ಇದೆ. ಕೇಳಬೇಕಾದ್ದು "ಡಬ್ಬಿಯಲ್ಲಿ ಜಾಸ್ತಿ ಇರಬೇಕಾದ್ದು ಯಾವ ನಾಣ್ಯ, ನನ್ನ ಉತ್ತರದಲ್ಲಿ ಯಾವುದು ಜಾಸ್ತಿ ಬಂದಿದೆ" ಅಂತ. ಆಗ ತಕ್ಷಣ ಗೊತ್ತಾಗುತ್ತೆ.

ಇನ್ನು ನಾಲ್ಕನೇ ದಾರಿ, ನನಗೆ ಎಲ್ಲಕ್ಕಿಂತ ಇಷ್ಟ ಆಗಿದ್ದು. ಇದ್ರಲ್ಲಿ ತಾಳೆಯನ್ನ ಮೊದಲೇ ನೋಡಿಬಿಡ್ತೀವಿ, ಸಮೀಕರಣ ಹುಟ್ಟೋದು ಆ ತಾಳೆಯಿಂದ. ಉತ್ತರ ಗೊತ್ತಿಲ್ಲ, ಆದ್ರೂ ಸುಮ್ನೆ ಒಂದು ಸಂಖ್ಯೆ ಹಿಡೀರಿ, ಎರಡರ ನಾಣ್ಯ 7 ಇವೆ ಅನ್ಕೊಳ್ಳಿ. ಹಾಗಾದ್ರೆ ಐದರ ನಾಣ್ಯ ಎಷ್ಟು? ಮಗು ತಡಮಾಡದೆ 21 ಅನ್ನುತ್ತೆ, ಅಕ್ಷರದಲ್ಲಿ ತಿರುಗಿಸೋ ಮಗುನೇ ಸಂಖ್ಯೆ ಕೊಟ್ಟಾಗ ತಿರುಗಿಸೋದು ಬಹಳ ಕಡಿಮೆ. ದುಡ್ಡೆಷ್ಟು? 5 × (3 × 7) + 2 × 7. ಇದನ್ನ ಕೂಡಿಸಿದ್ರೆ 119, ನಮಗೆ ಬೇಕಾದ್ದು 187, ಊಹೆ ತಪ್ಪು, ಪರವಾಗಿಲ್ಲ. ಈಗ 7 ಇದ್ದ ಕಡೆ ಎಲ್ಲಾ x ಬರೀರಿ, ಬಲಕ್ಕೆ 187 ಇಡಿ: 5 × (3x) + 2x = 187. ಸಮೀಕರಣ ರೆಡಿ.

ಇಲ್ಲಿ ಎರಡು ಎಚ್ಚರ. ಲೆಕ್ಕ ಮಾಡಿಬಿಡಬಾರದು, 21 ಅಂತ ಬರೆದುಬಿಟ್ರೆ 7 ಎಲ್ಲಿತ್ತು ಅಂತ ಕಾಣಲ್ಲ, 3 × 7 ಅಂತಲೇ ಬಿಡಬೇಕು. ಆಮೇಲೆ ಊಹೆಯ ಸಂಖ್ಯೆ ಲೆಕ್ಕದಲ್ಲಿ ಈಗಾಗಲೇ ಇರೋ ಸಂಖ್ಯೆ ಆಗಿರಬಾರದು, ಈ ಲೆಕ್ಕಕ್ಕೆ 2, 3, 5 ಹಿಡಿದ್ರೆ ಯಾವ 3 ಊಹೆಯದ್ದು ಯಾವ 3 ಪಟ್ಟು ಅಂತ ಕಲಸಿಹೋಗುತ್ತೆ. ಅಂದಹಾಗೆ ಒಂದು ಇಷ್ಟಸಂಖ್ಯೆ ಹಿಡಿದು ಶುರುಮಾಡೋ ಕ್ರಮ ನಮ್ಮಲ್ಲಿ ಹಳೇದು, ಭಾಸ್ಕರಾಚಾರ್ಯರ ಲೀಲಾವತಿಯಲ್ಲಿ (1150) ಇಷ್ಟಕರ್ಮ ಅಂತ ಬರುತ್ತೆ, ಅಲ್ಲಿ ಊಹೆಯಿಂದ ಅನುಪಾತ ಹಿಡಿದು ನೇರ ಉತ್ತರಕ್ಕೇ ಹೋಗ್ತಾರೆ. ಈ ನಾಣ್ಯದ ಲೆಕ್ಕಕ್ಕೆ ಅದೂ ಆಗುತ್ತೆ, 7 × 187 ÷ 119 = 11. ಆದ್ರೆ ಕೂಡಿಸೋ ವರ್ಷಗಳು ಬರೋ ವಯಸ್ಸಿನ ಲೆಕ್ಕದಲ್ಲಿ ಈ ಅನುಪಾತ ನೇರವಾಗಿ ನಿಲ್ಲಲ್ಲ, ಅಲ್ಲಿ ಊಹೆಯನ್ನ ಸಮೀಕರಣ ಬರೆಯೋಕೆ ಮಾತ್ರ ಬಳಸಿ.

ಕೊರತೆ ಏನಂದ್ರೆ ಟೈಮ್ ಹಿಡಿಯುತ್ತೆ, ಮತ್ತೆ ಲೆಕ್ಕ ಬರೋ ಮಕ್ಕಳು "ಯಾಕೆ ಸರ್ ಸುಮ್ನೆ ತಪ್ಪು ಉತ್ತರ ಹಾಕೋದು" ಅಂತ ಒಪ್ಪಲ್ಲ. ಅವರಿಗೆ ನಾನು ಒತ್ತಾಯ ಮಾಡಲ್ಲ, ಎಲ್ಲಿ ಪಟ್ಟು, ಶೇಕಡಾ, "ಇಷ್ಟಕ್ಕಿಂತ ಇಷ್ಟು ಕಡಿಮೆ" ಅನ್ನೋ ಮಾತು ಇದೆಯೋ ಅಲ್ಲಿ ಮಾತ್ರ ಮಾಡಿ ಅಂತೀನಿ.

ಕೆಲವರು ಇನ್ನೊಂದು ಹೇಳ್ತಾರೆ, ಚರಾಕ್ಷರ ಬದಲಾಯಿಸಿ ಮತ್ತೆ ಬಿಡಿಸಿ, ಎರಡು ಸಲನೂ ಒಂದೇ ಉತ್ತರ ಬಂದ್ರೆ ಸರಿ ಅಂತ. ತಾಯಿಯನ್ನ y ಅಂತ ಇಟ್ಟು ಅದೇ ತಪ್ಪು ತಿಳುವಳಿಕೆಯಲ್ಲಿ y = 2(y/3 + 10) ಅಂತ ಬರೆದ್ರೆ y = 60 ಬರುತ್ತೆ, ಹಳೇ ತಪ್ಪಿಗೆ ಇನ್ನೊಂದು ಸಾಕ್ಷಿ ಸಿಕ್ಕಂಗಾಯ್ತು. ಇದನ್ನ ನಾನು ಕೈಬಿಟ್ಟಿದೀನಿ.

ಉತ್ತರ ನೋಡಿ ವಾಸನೆ ಹಿಡಿಯೋದು, ಅಂದ್ರೆ ವಯಸ್ಸು ಸೊನ್ನೆ ಬಂತು, ಮೈನಸ್ ಬಂತು, ನಾಣ್ಯ ಹನ್ನೆರಡೂವರೆ ಬಂತು ಅಂತ ಅನುಮಾನ ಪಡೋದು ಒಳ್ಳೇದೇ, 3x + 10 = 2x + 10 ಅಂತ ಆವರಣ ಮರೆತವರು x = 0 ನೋಡಿ ಅಲ್ಲೇ ನಿಲ್ಲಬೇಕು. ಆದ್ರೆ ಮೈನಸ್ ಬಂದ ತಕ್ಷಣ ಸಮೀಕರಣ ತಪ್ಪು ಅಂತ ಹೊಡೆದುಹಾಕಬೇಡಿ. ತಾಯಿಗೆ 40, ಮಗಳಿಗೆ 16, ಎಷ್ಟು ವರ್ಷದ ನಂತರ ತಾಯಿ ಮಗಳ ನಾಲ್ಕು ಪಟ್ಟು ಆಗ್ತಾಳೆ ಅಂತ ಕೇಳಿದ್ರೆ 40 + t = 4(16 + t), t = −8. ಸಮೀಕರಣದಲ್ಲಿ ಏನೂ ತಪ್ಪಿಲ್ಲ. ಹೇಳಿಕೆಗೆ ಹಾಕಿ, 8 ವರ್ಷದ ಹಿಂದೆ ತಾಯಿಗೆ 32, ಮಗಳಿಗೆ 8, ನಾಲ್ಕು ಪಟ್ಟು ಸರಿಯಾಗೇ ಇದೆ, ಅದು ಆಗಿಹೋಗಿದೆ ಅಷ್ಟೇ, ಮುಂದೆ ಯಾವತ್ತೂ ಆಗಲ್ಲ ಅಂತ ಉತ್ತರ ಬರೀಬೇಕು.