19200 ಬರೆದದ್ದು, 12800 ಬರೆದದ್ದು: ಎರಡು ಸ್ಕ್ಯಾನರ್, ಒಂದು ಹಳೇ ಫೋಟೋ

ದಾವಣಗೆರೆಯ ಹತ್ತಿ ಗಿರಣಿಯೊಂದರ ಗೇಟಿನ ಮುಂದೆ ತಾತ ನಿಂತಿರುವ ಕಪ್ಪು ಬಿಳುಪು ಫೋಟೋ ನಮ್ಮ ಮನೆಯಲ್ಲಿದೆ. ಅಗಲ ಎರಡೂಕಾಲು ಇಂಚು ಅಷ್ಟೇ. ಹಿಂದಿನ ಬೋರ್ಡಿನ ಅಕ್ಷರ ಫೋಟೋದಲ್ಲಿ ಸುಮಾರು ಅರ್ಧ ಮಿಲಿಮೀಟರ್ ಎತ್ತರ. ಅದನ್ನು ಓದಬೇಕಿತ್ತು.

ನನ್ನ ತೆಳು ಸ್ಕ್ಯಾನರಿನ ಡಬ್ಬದ ಮೇಲೆ ದಪ್ಪಕ್ಷರದಲ್ಲಿ 19200 ಡಿಪಿಐ, ಅಂದರೆ ಇಂಚಿಗೆ 19200 ಬಿಂದು ಎಂದಿದೆ. ಗೆಳೆಯನ ಸ್ಟುಡಿಯೋದ ದಪ್ಪ ಸ್ಕ್ಯಾನರಿನದು 12800. ಡಬ್ಬ ನೋಡಿದರೆ ನನ್ನದೇ ಮೇಲು, ಅಲ್ವಾ? ಆದರೆ ಸಣ್ಣಕ್ಷರದಲ್ಲಿ ಆಪ್ಟಿಕಲ್ ರೆಸಲ್ಯೂಷನ್ ಬೇರೆ ಕೊಟ್ಟಿರುತ್ತಾರೆ. ನನ್ನದು 600×1200, ಅವನದು 2400×4800.

ಇದರಲ್ಲಿ ಚಿಕ್ಕ ಸಂಖ್ಯೆಯೇ ಮುಖ್ಯ. ಅಗಲದ ಒಂದೊಂದು ಇಂಚಿಗೆ ಸೆನ್ಸರ್ ಎಷ್ಟು ಬಿಂದು ನೋಡುತ್ತದೆ ಅನ್ನೋದನ್ನು ಅದು ಹೇಳುತ್ತದೆ. ದೊಡ್ಡದು, ಸೆನ್ಸರನ್ನು ಎಳೆಯುವ ಮೋಟಾರ್ ಇಂಚಿಗೆ ಎಷ್ಟು ಹೆಜ್ಜೆ ಇಡುತ್ತದೆ ಅನ್ನೋದು. ಮೋಟಾರ್ ಹೆಜ್ಜೆ ಸಣ್ಣದಾದರೂ ಸೆನ್ಸರಿನ ಕಣ್ಣು ಅಷ್ಟೇ ದಪ್ಪ ಇರುತ್ತದೆ, ಹಾಗಾಗಿ ಹೊಸ ವಿವರ ಹೆಚ್ಚೇನೂ ಸಿಗುವುದಿಲ್ಲ. 19200 ಅಂತೂ ಸಾಫ್ಟ್‌ವೇರಿನ ಲೆಕ್ಕ. ಅಕ್ಕಪಕ್ಕದ ಎರಡು ಬಿಂದುಗಳ ಬಣ್ಣ ನೋಡಿ ನಡುವಿನದನ್ನು ಊಹಿಸಿ ತುಂಬುತ್ತದೆ. ನನ್ನ ಸ್ಕ್ಯಾನರಿನಲ್ಲಿ ಅಗಲದ ಸಾಲಿನ 32 ಬಿಂದುಗಳಲ್ಲಿ ನಿಜವಾಗಿ ಕಂಡದ್ದು ಒಂದೇ.

ಆ ಅರ್ಧ ಮಿಲಿಮೀಟರ್ ಅಕ್ಷರಕ್ಕೆ 600ರಲ್ಲಿ ಸಿಗುವುದು ಸುಮಾರು 12 ಬಿಂದು. 2400ರಲ್ಲಾದರೆ 47. ನನ್ನದರಲ್ಲಿ ಒತ್ತಕ್ಷರವೆಲ್ಲ ಮೇಲಿನ ಅಕ್ಷರಕ್ಕೆ ಅಂಟಿಕೊಂಡು ಕಪ್ಪು ಮುದ್ದೆಯಾಯಿತು. 19200 ಇಟ್ಟಾಗ ಅದೇ ಮುದ್ದೆ ನುಣುಪಾಗಿ ದೊಡ್ಡದಾಯಿತು ಅಷ್ಟೇ, ಒಂದು ಚದರ ಇಂಚಿಗೆ ಸುಮಾರು 370 ಎಂಬಿ ಫೈಲ್ ಬೇರೆ! ದಪ್ಪ ಸ್ಕ್ಯಾನರಿನಲ್ಲಿ 2400 ಇಟ್ಟಾಗ ಒತ್ತುಗಳು ಬಿಡಿಬಿಡಿಯಾಗಿ ಕಂಡವು, ಬೋರ್ಡು ಓದಲು ಬಂತು.

ಅನುಮಾನವಿದ್ದರೆ ಹೀಗೆ ಪರೀಕ್ಷಿಸಿ. ಒಂದೇ ಜಾಗವನ್ನು 600ರಲ್ಲೂ 2400ರಲ್ಲೂ ಸ್ಕ್ಯಾನ್ ಮಾಡಿ. ಮೊದಲನೆಯದನ್ನು ಜಿಂಪ್ ಎಂಬ ಫೋಟೋ ತಿದ್ದುವ ಸಾಫ್ಟ್‌ವೇರಿನಲ್ಲಿ ನಾಲ್ಕು ಪಟ್ಟು ಹಿಗ್ಗಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ನನ್ನ ಸ್ಕ್ಯಾನರಿನಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಥರ ಇದ್ದವು. ಅಂದರೆ ಹೆಚ್ಚಿನ ಬಿಂದುಗಳು ಸುಮ್ನೆ ಬಂದವು. ಗೆಳೆಯನದರಲ್ಲಿ ವ್ಯತ್ಯಾಸ ಎದ್ದು ಕಾಣುತ್ತಿತ್ತು. ಆದರೆ ಅದರಲ್ಲೂ 4800ಕ್ಕೆ ಏರಿಸಿದಾಗ ಬೋರ್ಡಿನಲ್ಲಿ ಹೊಸದೇನೂ ಕಾಣಲಿಲ್ಲ, ಕಾಗದದ ಒರಟುತನವೇ ಜಾಸ್ತಿ ಕಂಡಿತು. ಆಪ್ಟಿಕಲ್ ಸಂಖ್ಯೆಯೂ ಪೂರ್ತಿ ಕೈಗೆ ಸಿಗುವುದಿಲ್ಲ, ಲೆನ್ಸ್ ಒಂದಿಷ್ಟು ಮಸುಕು ಮಾಡಿಯೇ ಮಾಡುತ್ತದೆ.

ದಪ್ಪ ಸ್ಕ್ಯಾನರಿನ ಇನ್ನೊಂದು ಗುಣ ನನಗೆ ಹಿಡಿಸಿತು. ಕಾಗದ ಗಾಜಿನಿಂದ ಸ್ವಲ್ಪ ಮೇಲೆದ್ದರೂ ಚಿತ್ರ ಸ್ಪಷ್ಟ ಇರುತ್ತದೆ. ಅದರೊಳಗೆ ಲೆನ್ಸ್ ಇರುವ ಸಿಸಿಡಿ ಸೆನ್ಸರ್ ಇದೆ. ನನ್ನ ತೆಳುವಿನದು ಸಿಐಎಸ್, ಫೋಟೋದ ಮುದುರಿದ ಮೂಲೆ ಅದರಲ್ಲಿ ಮಬ್ಬಾಗುತ್ತದೆ.

ಪಹಣಿ, ಮಾರ್ಕ್ಸ್ ಕಾರ್ಡಿಗೆ 300 ಸಾಕು, ಅದಕ್ಕೆ ತೆಳು ಸ್ಕ್ಯಾನರನ್ನೇ ಇಟ್ಟುಕೊಂಡಿದ್ದೇನೆ. ಉಳಿದ ಹಳೇ ಫೋಟೋಗಳು ಸ್ಟುಡಿಯೋಗೆ ಹೋಗುತ್ತವೆ.